ಅಳಿಸಿದ ಖಾತೆ ಬ್ಯಾಕಪ್‌ನಿಂದ ಮರಳಿ ಬಂದಾಗ: ಒಂದು ಪ್ರಕರಣ ಅಧ್ಯಯನ

ಇಲ್ಲಿ ಹೇಳುವ ಸಂಸ್ಥೆ ಬೆಂಗಳೂರಿನದು. ಅದರ ಹೆಸರನ್ನು ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳ ಕ್ರಮ ಮತ್ತು ಅವುಗಳ ಹಿಂದಿನ ಕಾರಣಗಳನ್ನು ಮಾತ್ರ ಇದ್ದಂತೆಯೇ ಉಳಿಸಿದ್ದೇನೆ. ಆಗ ನಾನು ಅಲ್ಲಿ ಡೇಟಾಬೇಸ್ ಮತ್ತು ಬ್ಯಾಕಪ್ ನೋಡಿಕೊಳ್ಳುವ ತಂಡದಲ್ಲಿದ್ದೆ. ಆದ್ದರಿಂದ ಕೆಳಗೆ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ಸಂಸ್ಥೆಯು ಮಕ್ಕಳಿಗೆ ಆನ್‌ಲೈನ್‌ನಲ್ಲಿ ಸಂಗೀತ ಕಲಿಸುವ ತರಗತಿಗಳನ್ನು ನಡೆಸುತ್ತಿತ್ತು. ಶಿಕ್ಷಕರಲ್ಲಿ ಹೆಚ್ಚಿನವರು ಬಸವನಗುಡಿ, ಮಲ್ಲೇಶ್ವರ, ಜಯನಗರದ ಕಡೆಯವರು. ವಿದ್ಯಾರ್ಥಿಗಳಲ್ಲಿ ಬಹುಪಾಲು ಕರ್ನಾಟಕದವರೇ ಆಗಿದ್ದರೂ ಜರ್ಮನಿ ಮತ್ತು ನೆದರ್ಲೆಂಡ್ಸ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಗಣನೀಯ ಸಂಖ್ಯೆಯಲ್ಲಿದ್ದರು. ಯುರೋಪಿನಲ್ಲಿರುವವರಿಗೆ ಸೇವೆ ಒದಗಿಸುತ್ತಿದ್ದ ಕಾರಣ ಅಲ್ಲಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್‌ನ 17ನೇ ವಿಧಿಯಲ್ಲಿರುವ ಅಳಿಸುವ ಹಕ್ಕು ಬೆಂಗಳೂರಿನ ನಮಗೂ ಅನ್ವಯಿಸುತ್ತಿತ್ತು. ಕೋರಿಕೆ ಬಂದ ಒಂದು ತಿಂಗಳೊಳಗೆ ಏನು ಕ್ರಮ ಕೈಗೊಂಡೆವೆಂದು ಉತ್ತರಿಸಬೇಕಿತ್ತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 12ನೇ ಸೆಕ್ಷನ್‌ನಲ್ಲಿ ಇಂಥದೇ ಹಕ್ಕನ್ನು ಕೊಡುತ್ತದೆ. ಆದರೆ ಎರಡೂ ಕಾನೂನುಗಳು ಒಂದು ಕೈಯಿಂದ ಅಳಿಸಲು ಹೇಳಿ, ಇನ್ನೊಂದು ಕೈಯಿಂದ ಬ್ಯಾಕಪ್ ಇಟ್ಟುಕೊಳ್ಳಲು ಹೇಳುತ್ತವೆ. ಜಿಡಿಪಿಆರ್‌ನ 32ನೇ ವಿಧಿಯು ಅವಘಡವಾದರೆ ದತ್ತಾಂಶವನ್ನು ಬೇಗನೆ ಮತ್ತೆ ಲಭ್ಯವಾಗಿಸುವ ಸಾಮರ್ಥ್ಯವನ್ನು ಭದ್ರತಾ ಕ್ರಮಗಳಲ್ಲಿ ಸೇರಿಸಿದೆ, ಭಾರತದ 2025ರ ನಿಯಮಗಳು ಭದ್ರತಾ ಕ್ರಮಗಳ ಪೈಕಿ ಬ್ಯಾಕಪ್ಪನ್ನು ಹೆಸರಿಸಿಯೇ ಹೇಳಿವೆ.

ನಮ್ಮ ಮುಖ್ಯ ಡೇಟಾಬೇಸ್ ಪೋಸ್ಟ್‌ಗ್ರೆಸ್, ಗಾತ್ರ ಸುಮಾರು 1.4 ಟೆರಾಬೈಟ್. ವಾರಕ್ಕೊಮ್ಮೆ ಪೂರ್ಣ ಪ್ರತಿ ತೆಗೆದು, ನಡುವಿನ ಪ್ರತಿಯೊಂದು ಬದಲಾವಣೆಯನ್ನೂ ವಾಲ್ ಕಡತಗಳಾಗಿ ಸಂಗ್ರಹಿಸುತ್ತಿದ್ದೆವು. ಇವೆರಡೂ ಸೇರಿ ಹಿಂದಿನ 35 ದಿನಗಳ ಯಾವ ಕ್ಷಣಕ್ಕೆ ಬೇಕಾದರೂ ಮರಳಲು ಸಾಧ್ಯವಿತ್ತು. ಇದರ ಜೊತೆಗೆ ಪ್ರತಿ ತಿಂಗಳ 1ನೇ ತಾರೀಖಿನ ಒಂದು ಪ್ರತಿಯನ್ನು ಅಮೆಜಾನ್‌ನ ಕ್ಲೌಡ್ ಸಂಗ್ರಹವಾದ ಎಸ್3ಯಲ್ಲಿ 365 ದಿನ ಇಡುತ್ತಿದ್ದೆವು. ಸುಲಿಗೆ ವೈರಸ್ಸಿನ ಭಯದಿಂದ ಈ ಮಾಸಿಕ ಪ್ರತಿಗಳಿಗೆ ಆಬ್ಜೆಕ್ಟ್ ಲಾಕ್‌ನ ಕಂಪ್ಲಯನ್ಸ್ ಮೋಡ್ ಹಾಕಿದ್ದೆವು. ಅವಧಿ ಮುಗಿಯುವ ತನಕ ಅವುಗಳನ್ನು ಅಮೆಜಾನ್ ಖಾತೆಯ ರೂಟ್ ಬಳಕೆದಾರರೂ ಅಳಿಸಲಾರರು, ಅವಧಿಯನ್ನು ಕಡಿಮೆ ಮಾಡಲೂ ಆಗದು.

ಅಳಿಸುವ ಕೋರಿಕೆಗಳು ತಿಂಗಳಿಗೆ ಸುಮಾರು 30 ಬರುತ್ತಿದ್ದವು. ಗ್ರಾಹಕ ಸೇವೆಯವರಿಗೆ ಬಂದ ಮಿಂಚಂಚೆಯನ್ನು ನೋಡಿ ಎಂಜಿನಿಯರ್ ಒಬ್ಬರು ಸ್ಕ್ರಿಪ್ಟ್ ಓಡಿಸುತ್ತಿದ್ದರು. ವಿದ್ಯಾರ್ಥಿಯ ಸಾಲು, ಅದಕ್ಕೆ ಜೋಡಿಸಿದ ದಾಖಲಾತಿಗಳು ಮತ್ತು ಅಭ್ಯಾಸದ ಧ್ವನಿಮುದ್ರಣಗಳು ಅಳಿಯುತ್ತಿದ್ದವು, ತೆರಿಗೆ ಕಾನೂನಿಗಾಗಿ ಇಡಬೇಕಾದ ಬಿಲ್ಲುಗಳು ಮಾತ್ರ ಬೇರೆ ಕಡೆ ಉಳಿಯುತ್ತಿದ್ದವು. ಸಾಲು ಹೋದ ಮೇಲೆ ಅಂಥ ಒಬ್ಬರು ಇದ್ದರೆಂಬ ಗುರುತು ಡೇಟಾಬೇಸ್‌ನಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ. ಅಳಿಸುವುದೆಂದರೆ ಹೀಗೇ ಇರಬೇಕೆಂದು ನಾವು ನಂಬಿದ್ದೆವು.

ಏನಾಯಿತು

ಫೆಬ್ರುವರಿ 12ರಂದು ನೆದರ್ಲೆಂಡ್ಸ್‌ನಲ್ಲಿರುವ ಒಬ್ಬ ತಾಯಿ ತಮ್ಮ ಮಗಳ ಖಾತೆಯನ್ನು ಪೂರ್ತಿಯಾಗಿ ಅಳಿಸುವಂತೆ ಕೇಳಿದರು. 14ರಂದು ಅಳಿಸಿ, ಹಾಗೆಂದು ಉತ್ತರ ಬರೆದೆವು. ಬ್ಯಾಕಪ್ ಬಗ್ಗೆ ಆ ಉತ್ತರದಲ್ಲಿ ಒಂದು ಮಾತೂ ಇರಲಿಲ್ಲ.

ಫೆಬ್ರುವರಿ 27ರ ರಾತ್ರಿ ಬೇರೆಯೇ ಒಂದು ತಪ್ಪು ನಡೆಯಿತು. ಎರಡು ವರ್ಷ ಬಳಕೆಯಾಗದ ಖಾತೆಗಳನ್ನು ತೆಗೆಯಬೇಕಿದ್ದ ಸ್ವಚ್ಛತಾ ಕೆಲಸವು ಎರಡು ತಿಂಗಳು ಬಳಕೆಯಾಗದ ಖಾತೆಗಳನ್ನು ತೆಗೆದುಹಾಕಿತು. ಪರೀಕ್ಷೆಯ ಕಾಲವಾದ್ದರಿಂದ ಆ ಮಕ್ಕಳು ಹೇಗೂ ತರಗತಿಗೆ ಬರುತ್ತಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಬೇಸಿಗೆ ತರಗತಿಗಳ ನೋಂದಣಿ ಶುರುವಾದಾಗ ಹಳೆಯ ವಿದ್ಯಾರ್ಥಿಗಳು ಲಾಗಿನ್ ಆಗುತ್ತಿಲ್ಲವೆಂಬ ದೂರುಗಳು ಬಂದವು. ಕಾರಣ ತಿಳಿದದ್ದು ಏಪ್ರಿಲ್ 9ರಂದು. ಅಷ್ಟರಲ್ಲಿ 41 ದಿನ ಕಳೆದಿದ್ದರಿಂದ 35 ದಿನಗಳ ಕಿಟಕಿ ಮುಚ್ಚಿತ್ತು. ಉಳಿದಿದ್ದ ದಾರಿಯೆಂದರೆ ಫೆಬ್ರುವರಿ 1ರ ಮಾಸಿಕ ಪ್ರತಿ.

ಅದನ್ನು ಪಕ್ಕದ ಸರ್ವರ್ ಒಂದರಲ್ಲಿ ತೆರೆದೆವು. ಅಲ್ಲಿದ್ದು ಲೈವ್ ಡೇಟಾಬೇಸ್‌ನಲ್ಲಿ ಇಲ್ಲದ ಖಾತೆಗಳನ್ನೆಲ್ಲ ಮರಳಿ ಸೇರಿಸುವ ಸ್ಕ್ರಿಪ್ಟ್ ಬರೆದು, ಏಪ್ರಿಲ್ 11ರಂದು ಓಡಿಸಿದೆವು. 2,306 ಖಾತೆಗಳು ಮರಳಿದವು. ಕೆಲಸ ಚೆನ್ನಾಗಿ ಮುಗಿಯಿತೆಂದೇ ಎಲ್ಲರೂ ಭಾವಿಸಿದೆವು. ಮರುದಿನ ಬೆಳಿಗ್ಗೆ ಬೇಸಿಗೆ ತರಗತಿಯ ಆಹ್ವಾನ ಪತ್ರ ಆ ಎಲ್ಲ ಖಾತೆಗಳಿಗೂ ತಾನಾಗಿಯೇ ಹೋಯಿತು. ಅದೇ ದಿನ ಮಧ್ಯಾಹ್ನ ಆ ತಾಯಿಯ ಪತ್ರ ಬಂತು: "ನನ್ನ ಮಗಳ ಹೆಸರು ನಿಮ್ಮಲ್ಲಿ ಇಲ್ಲ ಎಂದು ನೀವೇ ಬರೆದಿದ್ದಿರಿ. ಹಾಗಾದರೆ ಈ ಪತ್ರದಲ್ಲಿ ಅವಳ ಹೆಸರು ಹೇಗೆ ಬಂತು?"

ಗ್ರಾಹಕ ಸೇವೆಯ ಟಿಕೆಟ್‌ಗಳನ್ನು ಒಂದೊಂದಾಗಿ ಹೋಲಿಸಿ ನೋಡಿದಾಗ 2,306ರಲ್ಲಿ 61 ಖಾತೆಗಳು ತಪ್ಪಿನಿಂದ ಕಳೆದುಹೋದವಲ್ಲ, ಫೆಬ್ರುವರಿ 1ರ ನಂತರ ಕೋರಿಕೆಯ ಮೇರೆಗೆ ಅಳಿಸಿದವು ಎಂದು ತಿಳಿಯಿತು. ಸ್ಕ್ರಿಪ್ಟ್ ಬರೆದವರನ್ನು ದೂರುವಂತಿರಲಿಲ್ಲ. ಆಕಸ್ಮಿಕವಾಗಿ ಹೋದ ಸಾಲಿಗೂ ಹಕ್ಕಿನ ಪ್ರಕಾರ ಅಳಿಸಿದ ಸಾಲಿಗೂ ಡೇಟಾಬೇಸ್‌ನಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ, ಎರಡೂ ಬರೀ ಖಾಲಿ ಜಾಗ. ಗುರುತೇ ಇಲ್ಲದಂತೆ ಅಳಿಸುವುದು ನಮಗೆ ಅಚ್ಚುಕಟ್ಟಾಗಿ ಕಂಡಿತ್ತು. ಅದೇ ಅಚ್ಚುಕಟ್ಟು ಆ 61 ಜನರನ್ನು ಮರಳಿ ತಂದಿತು.

ಮೊದಲು ಯತ್ನಿಸಿದ್ದು

61 ಖಾತೆಗಳನ್ನು ಅಂದೇ ಮತ್ತೆ ಅಳಿಸಿದೆವು. ನಂತರ ಕಾನೂನು ಸಲಹೆಗಾರ್ತಿಯವರು ಕೂತು ಎಲ್ಲವನ್ನೂ ಕೇಳಿ, "ಹಾಗಾದರೆ ಬ್ಯಾಕಪ್‌ಗಳಿಂದಲೂ ತೆಗೆದುಬಿಡಿ" ಎಂದರು. ಸರಳವಾಗಿ ತೋರುವ ಈ ಮಾತನ್ನು ಅಲ್ಲಗಳೆಯುವ ಮೊದಲು ಒಂದು ಪ್ರತಿಯ ಮೇಲೆ ಮಾಡಿ ನೋಡುವುದು ನ್ಯಾಯವೆನ್ನಿಸಿತು.

ಪೋಸ್ಟ್‌ಗ್ರೆಸ್‌ನ ಪೂರ್ಣ ಪ್ರತಿ ಎಂದರೆ ಡಿಸ್ಕಿನ ಪುಟಗಳ ನಕಲು. ಅದರೊಳಗೆ ಕೈಹಾಕಿ ಒಂದು ಸಾಲನ್ನು ಕೀಳಲು ಬರುವುದಿಲ್ಲ. ಪ್ರತಿಯನ್ನು ಸರ್ವರ್ ಮೇಲೆ ತೆರೆಯಬೇಕು, ಸಾಲುಗಳನ್ನು ಅಳಿಸಬೇಕು, ಅಳಿಸಿದ ಸಾಲು ಪುಟದಲ್ಲೇ ಸತ್ತು ಬಿದ್ದಿರುತ್ತದೆಯಾದ್ದರಿಂದ ಆ ಟೇಬಲ್‌ಗಳನ್ನು ಮರುಬರೆಯಬೇಕು, ಆಮೇಲೆ ಹೊಸ ಪೂರ್ಣ ಪ್ರತಿ ತೆಗೆಯಬೇಕು. ಒಂದು ಪ್ರತಿಗೆ ಒಂಬತ್ತು ಗಂಟೆ ಹಿಡಿಯಿತು. ನಮ್ಮಲ್ಲಿದ್ದ ವಾರದ ಪ್ರತಿಗಳು 6, ಮಾಸಿಕ ಪ್ರತಿಗಳು 12. ಪ್ರತಿ ತಿಂಗಳ ಕೋರಿಕೆಗಳಿಗೆಂದು ಇದನ್ನು ಮಾಡಿದರೆ 162 ಗಂಟೆ ಬೇಕು.

ಸಮಯವನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. ನಿಜವಾದ ತೊಡಕು ಬೇರೆ ಕಡೆ ಇತ್ತು. ಪ್ರತಿಯನ್ನು ತೆರೆದು, ಅದರಲ್ಲಿ ಬರೆದ ಕ್ಷಣದಿಂದ ಅದು ಹೊಸ ಟೈಮ್‌ಲೈನ್ ಹಿಡಿಯುತ್ತದೆ, ಆಮೇಲೆ ಮೂಲ ಸರ್ವರ್‌ನ ವಾಲ್ ಕಡತಗಳನ್ನು ಅದರ ಮೇಲೆ ಮುಂದುವರಿಸಲಾಗದು. ಅಂದರೆ ಶುದ್ಧ ಮಾಡಿದ ವಾರದ ಪ್ರತಿಯು ತೆಗೆದ ಆ ಒಂದು ಕ್ಷಣಕ್ಕಷ್ಟೇ ಉಪಯೋಗಕ್ಕೆ ಬರುತ್ತದೆ, ಬೇಕಾದ ಕ್ಷಣಕ್ಕೆ ಮರಳುವ ಅನುಕೂಲ ಹೋಗಿಬಿಡುತ್ತದೆ. ಸಾಲದ್ದಕ್ಕೆ, ಆ ವಾಲ್ ಕಡತಗಳಲ್ಲಿಯೂ ಅದೇ ಹೆಸರುಗಳಿರುತ್ತವೆ. ಮಾಸಿಕ ಪ್ರತಿಗಳ ವಿಷಯದಲ್ಲಂತೂ ಕಂಪ್ಲಯನ್ಸ್ ಮೋಡ್ ಇದ್ದುದರಿಂದ ಶುದ್ಧ ಪ್ರತಿಯನ್ನು ಪಕ್ಕದಲ್ಲಿಟ್ಟರೂ ಹಳೆಯದು ಹೋಗುತ್ತಿರಲಿಲ್ಲ. ಈ ದಾರಿಯನ್ನು ಇಲ್ಲಿಗೆ ಬಿಟ್ಟೆವು.

ಎರಡನೆಯದು, ಪ್ರತಿ ವಿದ್ಯಾರ್ಥಿಯ ದತ್ತಾಂಶವನ್ನು ಅವರದೇ ಕೀಲಿಯಿಂದ ಗೂಢಲಿಪಿಗೆ ತಂದು, ಕೋರಿಕೆ ಬಂದಾಗ ಕೀಲಿಯನ್ನಷ್ಟೇ ನಾಶಮಾಡುವ ವಿಧಾನ. ಕೀಲಿ ಹೋದರೆ ಎಲ್ಲ ಪ್ರತಿಗಳಲ್ಲಿರುವ ದತ್ತಾಂಶವೂ ಏಕಕಾಲಕ್ಕೆ ಓದಲಾಗದಂತಾಗುತ್ತದೆ. ತಂಡದ ಕಿರಿಯ ಎಂಜಿನಿಯರ್ ಒಬ್ಬರು ಇದರ ಮಾದರಿಯನ್ನು ಎರಡು ವಾರದಲ್ಲಿ ಕಟ್ಟಿ ತೋರಿಸಿದರು. ಅದರ ಪರಿಶೀಲನೆಯಲ್ಲಿ ಒಂದು ಪ್ರಶ್ನೆ ಎದ್ದಿತು: ಕೀಲಿಗಳು ಎಲ್ಲಿವೆ? ಅದೇ ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ. ಹಾಗಿದ್ದರೆ ಪ್ರತಿ ಬ್ಯಾಕಪ್‌ನಲ್ಲೂ ಬೀಗದ ಪಕ್ಕದಲ್ಲೇ ಕೀಲಿಯೂ ಕೂತಿರುತ್ತದೆ. ಕೀಲಿಗಳನ್ನು ಪ್ರತ್ಯೇಕ ಭಂಡಾರಕ್ಕೆ ಒಯ್ದು, ಅದರ ಬ್ಯಾಕಪ್ಪನ್ನು 7 ದಿನಕ್ಕೆ ಮಿತಿಗೊಳಿಸಿದೆವು. ಅಳಿಕೆ ನಿಜವಾಗಿ ಪೂರ್ಣವಾಗುವುದು ದತ್ತಾಂಶದ ಬ್ಯಾಕಪ್ ಅವಧಿ ಮುಗಿದಾಗಲ್ಲ, ಕೀಲಿಗಳ ಬ್ಯಾಕಪ್ ಅವಧಿ ಮುಗಿದಾಗ.

ಧ್ವನಿಮುದ್ರಣಗಳಿಗೆ ಈ ವಿಧಾನವನ್ನೇ ಉಳಿಸಿಕೊಂಡೆವು, ಏಕೆಂದರೆ ಅವುಗಳ ಒಳಗೆ ಯಾರೂ ಹುಡುಕುವುದಿಲ್ಲ. ಹೆಸರು, ಫೋನು, ಮಿಂಚಂಚೆಗಳಿಗೆ ಅದು ಹೊಂದಲಿಲ್ಲ. ಗ್ರಾಹಕ ಸೇವೆಯವರು ದಿನವಿಡೀ ಹುಡುಕುವುದೇ ಅವುಗಳಿಂದ. ಅಲ್ಲದೆ, ಈಗಾಗಲೇ ಬೀಗವಿಲ್ಲದೆ ಕೂತಿರುವ ಹಳೆಯ ಪ್ರತಿಗಳಿಗೆ ಈ ವಿಧಾನದಿಂದ ಯಾವ ಪ್ರಯೋಜನವೂ ಇರಲಿಲ್ಲ.

ತಿರುವು

ಆ ಹೊತ್ತಿಗೆ ಕಾನೂನು ಸಲಹೆಗಾರ್ತಿಯವರು ಯುರೋಪಿನ ಕಡೆಯ ಮೇಲ್ವಿಚಾರಣಾ ಸಂಸ್ಥೆಗಳ ಮಾರ್ಗದರ್ಶನಗಳನ್ನು ಓದಿ ಬಂದಿದ್ದರು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯು ಬ್ಯಾಕಪ್‌ನಲ್ಲಿರುವ ಪ್ರತಿಯನ್ನು ಕೂಡಲೇ ತಿದ್ದಿಬರೆಯಲಾಗದಿದ್ದರೆ ಅದನ್ನು ಬಳಕೆಯಿಂದ ಆಚೆಗೆ ಇಡಬೇಕೆಂದೂ, ಬ್ಯಾಕಪ್‌ನಲ್ಲಿರುವುದಕ್ಕೆ ಏನಾಗುತ್ತದೆಂದು ಕೋರಿದವರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದೂ ಹೇಳುತ್ತದೆ. ಡೆನ್ಮಾರ್ಕಿನ ಪ್ರಾಧಿಕಾರ ತಾಂತ್ರಿಕವಾಗಿ ಸಾಧ್ಯವಾದರೆ ಬ್ಯಾಕಪ್‌ನಿಂದಲೂ ಅಳಿಸಬೇಕು, ಸಾಧ್ಯವಿಲ್ಲದಿದ್ದರೆ ರಿಸ್ಟೋರ್ ಮಾಡಿದಾಗ ಮತ್ತೆ ಅಳಿಸುವುದನ್ನು ಖಚಿತಪಡಿಸಬೇಕು ಎನ್ನುತ್ತದೆ. ಅಲ್ಲಿಂದ ನಮ್ಮ ಪ್ರಶ್ನೆ ಬದಲಾಯಿತು. ಬ್ಯಾಕಪ್‌ನೊಳಗೆ ಏನಿದೆ ಎಂಬುದನ್ನು ಬಿಟ್ಟು, ಅದರಿಂದ ಏನು ಹೊರಗೆ ಬರುತ್ತದೆ ಎಂಬುದನ್ನು ನೋಡತೊಡಗಿದೆವು.

ಮರಳಿ ಬಂದವರನ್ನು ಗುರುತಿಸಬೇಕಾದರೆ ಯಾರನ್ನು ಅಳಿಸಿದೆವು ಎಂಬ ನೆನಪು ಬೇಕು. ಆ ನೆನಪು ಬ್ಯಾಕಪ್ ಆಗುವ ಡೇಟಾಬೇಸ್‌ನೊಳಗೇ ಇದ್ದರೆ ಹಳೆಯ ಪ್ರತಿಯೊಂದಿಗೆ ಅದೂ ಹಳೆಯದಾಗುತ್ತದೆ. ಹಾಗಾಗಿ ಬೇರೆ ಕ್ಲೌಡ್ ಖಾತೆಯಲ್ಲಿ, ಬೇರೆ ಡೇಟಾಬೇಸ್‌ನಲ್ಲಿ "ಅಳಿಕೆ ಪಟ್ಟಿ" ಮಾಡಿದೆವು. ಅದರಲ್ಲಿ ಇದ್ದದ್ದು ವಿದ್ಯಾರ್ಥಿಯ ಆಂತರಿಕ ಸಂಖ್ಯೆ ಮತ್ತು ಅಳಿಸಿದ ಸಮಯ, ಅಷ್ಟೇ.

ಪಟ್ಟಿಯಲ್ಲಿ ಫೋನ್ ಸಂಖ್ಯೆಯ ಬದಲು ಅದರಿಂದ ಲೆಕ್ಕಹಾಕಿದ, ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಹ್ಯಾಶ್ ಇಡೋಣವೆಂಬ ಸಲಹೆ ಬಂದಿತ್ತು. ಅದನ್ನು ಒಪ್ಪಲಿಲ್ಲ. ಭಾರತದ ಮೊಬೈಲ್ ಸಂಖ್ಯೆ ಹತ್ತು ಅಂಕೆಗಳದು, 6ರಿಂದ 9ರೊಳಗಿನ ಅಂಕೆಯಿಂದ ಶುರುವಾಗುತ್ತದೆ. ಒಟ್ಟು ಸಾಧ್ಯತೆಗಳು 400 ಕೋಟಿಯಷ್ಟೇ. ಅಷ್ಟಕ್ಕೂ ಹ್ಯಾಶ್ ಲೆಕ್ಕಹಾಕಿ ಹೋಲಿಸುವುದು ಇಂದಿನ ಸಾಧಾರಣ ಯಂತ್ರಕ್ಕೂ ದೊಡ್ಡ ಕೆಲಸವಲ್ಲ, ಗುಟ್ಟಿನ ಕೀಲಿಯಿಲ್ಲದ ಹ್ಯಾಶ್ ಎಂದರೆ ಸಂಖ್ಯೆಯನ್ನೇ ಬರೆದಿಟ್ಟಂತೆ. ಇನ್ನೊಂದು ಕಾರಣವೂ ಇತ್ತು: ಅಳಿಸಿಕೊಂಡವರೇ ಅದೇ ಫೋನಿನಿಂದ ಮುಂದೆ ಮತ್ತೆ ಸೇರಬಹುದು, ಆಗ ಫೋನ್ ಆಧಾರದ ಪಟ್ಟಿ ಅವರ ಹೊಸ ಖಾತೆಯನ್ನೂ ಅಳಿಸುತ್ತದೆ.

ಮೊದಲಿನ ಯೋಜನೆಯಲ್ಲಿ ಈ ಪಟ್ಟಿಯನ್ನು ಓಡಿಸಬೇಕೆಂದಿದ್ದುದು ಲೈವ್ ಡೇಟಾಬೇಸನ್ನು ಪೂರ್ತಿ ರಿಸ್ಟೋರ್ ಮಾಡಿದಾಗ. ಸಭೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: "ಏಪ್ರಿಲ್‌ನಲ್ಲಿ ನಾವು ಪೂರ್ತಿ ರಿಸ್ಟೋರ್ ಮಾಡಿದ್ದೆವಾ ಸರ್? ಮಾಡಿರಲಿಲ್ಲವಲ್ಲ." ಆ ಪ್ರಶ್ನೆಯಿಂದ ಇಡೀ ವಿನ್ಯಾಸ ಬದಲಾಯಿತು. ಏಪ್ರಿಲ್‌ನಲ್ಲಿ ನಡೆದದ್ದು ಪಕ್ಕದ ಸರ್ವರ್‌ನಿಂದ ಕೆಲವು ಸಾಲುಗಳ ನಕಲು, ಅದನ್ನು ಯಾರೂ ರಿಸ್ಟೋರ್ ಎಂದು ಕರೆದಿರಲಿಲ್ಲ. ನನ್ನ ಅನುಭವದಲ್ಲಿ ಬ್ಯಾಕಪ್ಪನ್ನು ತೆರೆಯುವ ಹೆಚ್ಚಿನ ಸಂದರ್ಭಗಳು ಇಂಥವೇ: ಒಂದು ಟೇಬಲ್ ಬೇಕು, ಒಂದು ಹಳೆಯ ಲೆಕ್ಕ ನೋಡಬೇಕು, ಪರೀಕ್ಷೆಗೆ ನಿಜವಾದ ದತ್ತಾಂಶ ಬೇಕು. ಹಾಗಾಗಿ ಕಾವಲನ್ನು ಲೈವ್ ಡೇಟಾಬೇಸ್‌ನ ಒಳಬಾಗಿಲಿನಿಂದ ತೆಗೆದು ಬ್ಯಾಕಪ್‌ನ ಹೊರಬಾಗಿಲಿಗೆ ಹಾಕಿದೆವು.

ಬ್ಯಾಕಪ್ ತೆರೆಯುವ ಅಧಿಕಾರವನ್ನು ಎಂಜಿನಿಯರುಗಳಿಂದ ತೆಗೆದು, ಒಂದೇ ಒಂದು ಸ್ವಯಂಚಾಲಿತ ಕೆಲಸಕ್ಕೆ ಕೊಟ್ಟೆವು. ಅದನ್ನು ಶುರುಮಾಡಲು ಇಬ್ಬರ ಒಪ್ಪಿಗೆ ಬೇಕು. ಅದು ಪ್ರತಿಯನ್ನು ತೆರೆಯುವ ಮೊದಲೇ `pg_hba.conf` ಕಡತವನ್ನು ಬದಲಿಸಿ, ತನ್ನನ್ನು ಬಿಟ್ಟು ಬೇರೆ ಯಾರೂ ಒಳಬರದಂತೆ ಮಾಡುತ್ತದೆ. ಅಳಿಕೆ ಪಟ್ಟಿಯ ಇತ್ತೀಚಿನ ನಕಲನ್ನು ತಂದು, ಈ ಸಾಲುಗಳನ್ನು ಓಡಿಸುತ್ತದೆ:

```sql
DELETE FROM learners l
USING erasure_ledger e
WHERE l.learner_id = e.learner_id;
```

ಜೋಡಿಸಿದ ಟೇಬಲ್‌ಗಳ ಸಾಲುಗಳು ಕ್ಯಾಸ್ಕೇಡ್ ಮೂಲಕ ಹೋಗುತ್ತವೆ. ಪಟ್ಟಿಯಲ್ಲಿರುವ ಒಂದು ಸಂಖ್ಯೆಯೂ ಉಳಿದಿಲ್ಲವೆಂದು ಎಣಿಸಿ ಖಚಿತಪಡಿಸಿದ ಮೇಲೆಯೇ ಬಾಗಿಲು ತೆರೆಯುತ್ತದೆ. ಅಳಿಕೆ ಪಟ್ಟಿ ಸಿಗದಿದ್ದರೆ ಸರ್ವರ್ ಮುಚ್ಚಿಯೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಸೇವೆ ನಿಂತಿರುವಾಗ ಇದು ಕಷ್ಟದ ನಿರ್ಧಾರ ಎಂದು ಬಲ್ಲೆವು, ಆದರೂ ಬಿಡಲಿಲ್ಲ.

ಹಿಂದಿನ ಒಂದು ವರ್ಷದಲ್ಲಿ ಅಳಿಸಿದ್ದ ಸುಮಾರು 340 ಜನರ ಆಂತರಿಕ ಸಂಖ್ಯೆ ನಮ್ಮಲ್ಲಿರಲಿಲ್ಲ, ಟಿಕೆಟ್‌ಗಳಲ್ಲಿ ಮಿಂಚಂಚೆ ವಿಳಾಸವಷ್ಟೇ ಇತ್ತು. ಅವರನ್ನು ಪಟ್ಟಿಗೆ ಸೇರಿಸಲು ಹಳೆಯ ಬ್ಯಾಕಪ್‌ಗಳನ್ನೇ ತೆರೆದು ಹುಡುಕಬೇಕಾಯಿತು. ಮರೆಯಬೇಕಾದವರನ್ನು ಕೊನೆಯ ಬಾರಿ ನೋಡಬೇಕಾದ ಆ ಕೆಲಸ ನಮಗೆ ಹಿತವೆನಿಸಲಿಲ್ಲ. ಸಲಹೆಗಾರ್ತಿಯವರ ಲಿಖಿತ ಒಪ್ಪಿಗೆ ಪಡೆದು, ಇಂಟರ್ನೆಟ್ ಇಲ್ಲದ ಒಂದು ಯಂತ್ರದಲ್ಲಿ ಮಾಡಿ, ಸಂಖ್ಯೆಗಳನ್ನಷ್ಟೇ ಹೊರತಂದು, ಯಂತ್ರವನ್ನು ಅಳಿಸಿದೆವು.

ಅಭ್ಯಾಸದಲ್ಲಿ ಸಿಕ್ಕಿದ ತಪ್ಪು

ಜೂನ್‌ನಲ್ಲಿ ಅಣಕು ರಿಸ್ಟೋರ್ ಮಾಡಿದೆವು. ಮೇ 1ರ ಪ್ರತಿಯನ್ನು ತೆರೆದು, ಪಟ್ಟಿ ಓಡಿಸಿ, ಪರೀಕ್ಷಕರಿಗೆ ಬಿಟ್ಟುಕೊಟ್ಟೆವು. ಅಳಿಕೆ ಪಟ್ಟಿಯೊಡನೆ ಪ್ರತಿ ರಾತ್ರಿ ಹೋಲಿಸಿ, ಅದರಲ್ಲಿರುವ ಖಾತೆ ಸಿಕ್ಕರೆ ಅಳಿಸುವ ಕೆಲಸವನ್ನೂ ಅದರ ಮೇಲೆ ಚಾಲೂ ಮಾಡಿದ್ದೆವು. ಮರುದಿನ ಪರೀಕ್ಷಕಿ ಬಂದು, "ಸರ್, ನಿನ್ನೆ ನಾನು ಮಾಡಿದ ಹೊಸ ಖಾತೆ ಇವತ್ತು ಇಲ್ಲ" ಎಂದರು.

ಕಾರಣ ತಿಳಿಯಲು ಅರ್ಧ ದಿನ ಬೇಕಾಯಿತು. ವಿದ್ಯಾರ್ಥಿಗಳ ಸಂಖ್ಯೆಗಳು ಸೀಕ್ವೆನ್ಸ್‌ನಿಂದ, ಅಂದರೆ ಡೇಟಾಬೇಸ್ ಇಟ್ಟುಕೊಳ್ಳುವ ಏರುವ ಎಣಿಕೆಯಿಂದ ಬರುತ್ತವೆ. ಮೇ 1ಕ್ಕೆ ಮರಳಿದಾಗ ಸೀಕ್ವೆನ್ಸ್ ಕೂಡ ಮೇ 1ಕ್ಕೆ ಮರಳಿತ್ತು. ಮೇ 6ರಂದು ಸೇರಿ ಮೇ 20ರಂದು ಅಳಿಸಿಕೊಂಡ ಒಬ್ಬರ ಸಂಖ್ಯೆ ಅಳಿಕೆ ಪಟ್ಟಿಯಲ್ಲಿತ್ತು. ರಿಸ್ಟೋರ್ ಆದ ಡೇಟಾಬೇಸ್ ಅದೇ ಸಂಖ್ಯೆಯನ್ನು ಪರೀಕ್ಷಕಿಯ ಹೊಸ ಖಾತೆಗೆ ಕೊಟ್ಟಿತು, ರಾತ್ರಿಯ ಕೆಲಸ ಅದನ್ನು ಅಳಿಸಿತು. ಇದು ನಿಜವಾದ ಅವಘಡದ ದಿನ ನಡೆದಿದ್ದರೆ, ಏನೂ ಕೇಳದ ಯಾರದೋ ಮಗುವಿನ ಖಾತೆ ಒಂದು ರಾತ್ರಿಯಲ್ಲಿ ಮಾಯವಾಗುತ್ತಿತ್ತು.

ಖಾತೆ ತೆರೆದ ಸಮಯವು ಅಳಿಸಿದ ಸಮಯಕ್ಕಿಂತ ಹಿಂದಿನದಾಗಿದ್ದರೆ ಮಾತ್ರ ಅಳಿಸು ಎಂಬ ಷರತ್ತು ಹಾಕಲು ಮೊದಲು ಹೊರಟೆವು. ಆದರೆ `created_at` ಕಾಲಮ್‌ನ ಡಿಫಾಲ್ಟ್ ಬೆಲೆ `now()`. ಯಾರಾದರೂ ಬರೆದ ನಕಲು ಸ್ಕ್ರಿಪ್ಟ್ ಆ ಕಾಲಮನ್ನು ಬಿಟ್ಟರೆ ಹಳೆಯ ಖಾತೆಗೆ ಇಂದಿನ ದಿನಾಂಕ ಬೀಳುತ್ತದೆ, ಆಗ ನಮ್ಮ ಷರತ್ತೇ ಅದನ್ನು ಕಾಪಾಡಿಬಿಡುತ್ತದೆ. ಏಪ್ರಿಲ್‌ನ ಸ್ಕ್ರಿಪ್ಟ್ ತೆಗೆದು ನೋಡಿದಾಗ ಅದೂ ಆ ಕಾಲಮನ್ನು ಬಿಟ್ಟಿತ್ತು. ಆದ್ದರಿಂದ ಷರತ್ತನ್ನು ಕೈಬಿಟ್ಟು, ಬಾಗಿಲು ತೆರೆಯುವ ಮೊದಲು ಸೀಕ್ವೆನ್ಸನ್ನೇ ಮುಂದೆ ತಳ್ಳಿದೆವು:

```sql
SELECT setval('learners_learner_id_seq',
  GREATEST((SELECT max(learner_id) FROM learners),
           (SELECT max(learner_id) FROM erasure_ledger)) + 10000);
```

ಹೊಸ ಟೇಬಲ್‌ಗಳಿಗೆ ಮುಂದೆ ಏರುವ ಎಣಿಕೆಯ ಬದಲು ಪ್ರತಿ ಸಲವೂ ಬೇರೆಯಾಗಿರುವ ಉದ್ದನೆಯ ಗುರುತಾದ ಯುಯುಐಡಿ ಬಳಸಿದೆವು. ಸಂಖ್ಯೆ ಎಂದೂ ಮರುಬಳಕೆಯಾಗದಿದ್ದರೆ ಈ ತೊಡಕೇ ಹುಟ್ಟುವುದಿಲ್ಲ.

ಅವಧಿ ಮತ್ತು ಉತ್ತರ

ಮಾಸಿಕ ಪ್ರತಿಗಳನ್ನು 365 ದಿನ ಏಕೆ ಇಡುತ್ತೇವೆ ಎಂದು ವಿಚಾರಿಸಿದಾಗ ಯಾರಲ್ಲಿಯೂ ಉತ್ತರವಿರಲಿಲ್ಲ. ಲೆಕ್ಕಪತ್ರ ವಿಭಾಗಕ್ಕೆ ಬೇಕೆಂದು ಎಲ್ಲರೂ ಊಹಿಸಿದ್ದರು, ಅವರ ಬಿಲ್ಲುಗಳೋ ಪ್ರತ್ಯೇಕವಾಗಿಯೇ ಇದ್ದವು. ಹೊಸ ಮಾಸಿಕ ಪ್ರತಿಗಳನ್ನು 90 ದಿನಕ್ಕೆ ಇಳಿಸಿದೆವು. ಬೀಗ ಬಿದ್ದ ಹಳೆಯವು ಅವುಗಳ ಅವಧಿ ಮುಗಿಸಲೇಬೇಕಿತ್ತು.

ಕೋರಿಕೆಗೆ ಕೊಡುವ ಉತ್ತರವನ್ನೂ ತಿದ್ದಿದೆವು. ಬಳಕೆಯಲ್ಲಿರುವ ವ್ಯವಸ್ಥೆಯಿಂದ ಅಳಿಸಲಾಗಿದೆ, ಬ್ಯಾಕಪ್ ಪ್ರತಿಗಳಲ್ಲಿ ಇಂಥ ದಿನಾಂಕದವರೆಗೆ ಉಳಿದಿರುತ್ತದೆ, ಅಲ್ಲಿಯವರೆಗೆ ಬಳಸುವುದಿಲ್ಲ, ಪ್ರತಿಯನ್ನು ತೆರೆಯಬೇಕಾಗಿ ಬಂದರೆ ಯಾರೂ ನೋಡುವ ಮೊದಲೇ ಮತ್ತೆ ಅಳಿಸುತ್ತೇವೆ ಎಂದು ಅದರಲ್ಲಿ ಬರೆದೆವು. ಆ ತಾಯಿಗೂ ಹೀಗೆಯೇ ಬರೆದು, ಅವರ ಮಗಳ ಹೆಸರಿರುವ ಕೊನೆಯ ಮಾಸಿಕ ಪ್ರತಿಯ ಅವಧಿ ಮುಂದಿನ ಫೆಬ್ರುವರಿ 1ಕ್ಕೆ ಮುಗಿಯುತ್ತದೆಂದು ತಿಳಿಸಿದೆವು. ಅವರು ಕೇಳಿದ್ದು ಒಂದೇ: "ಆ ದಿನ ಅದು ನಿಜವಾಗಿ ಹೋಯಿತೆಂದು ನನಗೆ ಬರೆದು ತಿಳಿಸುವಿರಾ?" ತಿಳಿಸಬೇಕಾದರೆ ಅವರ ವಿಳಾಸವನ್ನು ಅಲ್ಲಿಯವರೆಗೆ ಇಟ್ಟುಕೊಳ್ಳಬೇಕು. ಅದಕ್ಕೆ ಅವರ ಒಪ್ಪಿಗೆ ಪಡೆದು, ಅದೊಂದೇ ಟಿಕೆಟ್‌ನಲ್ಲಿ ಇಟ್ಟೆವು.

ಫೆಬ್ರುವರಿಯಲ್ಲಿ ಲಾಕ್ ಅವಧಿ ಮುಗಿದು ಎರಡು ದಿನ ಕಳೆದ ಮೇಲೆ, ಪತ್ರ ಬರೆಯುವ ಮೊದಲು ಎಸ್3ಯಲ್ಲಿ ಮಾಸಿಕ ಪ್ರತಿಗಳಿದ್ದ ಬಕೆಟ್ ತೆರೆದು ನೋಡಿದೆವು. ಅದರ ಕಡತಗಳ ಪಟ್ಟಿಯಲ್ಲಿ ಆ ಪ್ರತಿ ಕಾಣಲಿಲ್ಲ. ಆದರೂ ಆವೃತ್ತಿಗಳ ಸಮೇತ ಕೇಳಿದೆವು:

```
aws s3api list-object-versions --bucket BUCKET --prefix monthly/
```

ಪ್ರತಿ ಅಲ್ಲೇ ಇತ್ತು. ಆಬ್ಜೆಕ್ಟ್ ಲಾಕ್‌ನ ಅವಧಿ ಮುಗಿದರೆ ಅಳಿಸಲು ಅನುಮತಿ ಸಿಗುತ್ತದೆಯೇ ಹೊರತು ಅದಾಗಿಯೇ ಅಳಿಯುವುದಿಲ್ಲ. ಆಬ್ಜೆಕ್ಟ್ ಲಾಕ್ ಇರುವ ಬಕೆಟ್‌ನಲ್ಲಿ ಆವೃತ್ತಿಗಳ ವ್ಯವಸ್ಥೆ ಚಾಲೂ ಇರಲೇಬೇಕಾದ್ದರಿಂದ, ಅವಧಿ ಮುಗಿದವನ್ನು ತಾನಾಗಿ ತೆಗೆಯಲೆಂದು ಹಾಕಿದ್ದ ನಮ್ಮ ಲೈಫ್‌ಸೈಕಲ್ ನಿಯಮವು ಮೇಲೆ ಅಳಿಕೆಯ ಗುರುತೊಂದನ್ನು ಇಟ್ಟು ಸುಮ್ಮನಾಗಿತ್ತು, ಕೆಳಗೆ ಹಳೆಯ ಆವೃತ್ತಿ ಪೂರ್ಣವಾಗಿ ಕೂತಿತ್ತು. ಹಳೆಯ ಆವೃತ್ತಿಗಳನ್ನು ತೆಗೆಯುವ `NoncurrentVersionExpiration` ನಿಯಮವನ್ನು ನಾವು ಹಾಕಿಯೇ ಇರಲಿಲ್ಲ. ಅದಕ್ಕೂ ಹಿಂದಿನ, ಅವಧಿ ಮುಗಿದ ಇನ್ನೂ 9 ಮಾಸಿಕ ಪ್ರತಿಗಳು ಅದೇ ಸ್ಥಿತಿಯಲ್ಲಿದ್ದವು.

ಹತ್ತನ್ನೂ ಆವೃತ್ತಿಯ ಗುರುತು ಕೊಟ್ಟು ಅಳಿಸಿ, ನಿಯಮ ಸೇರಿಸಿ, ಅದೇ ಆದೇಶವನ್ನು ಮತ್ತೆ ಓಡಿಸಿ ನೋಡಿದೆವು. ನಂತರ ಆ ತಾಯಿಗೆ ಬರೆದೆವು. ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿದೆ ಎಂಬುದನ್ನೂ, ಏಕೆ ಎಂಬುದನ್ನೂ ಆ ಪತ್ರದಲ್ಲಿ ಸೇರಿಸಿದೆವು. ಪತ್ರ ತಲುಪಿದ್ದನ್ನು ಖಚಿತಪಡಿಸಿಕೊಂಡು, ಟಿಕೆಟ್‌ನಲ್ಲಿದ್ದ ಅವರ ವಿಳಾಸವನ್ನು ಅಳಿಸಿದೆವು.